ಹಾಸನದ ಬಟ್ಟೆ ಬ್ರ್ಯಾಂಡಿಗೆ ಯಾವ ಇನ್‌ಫ್ಲುಯೆನ್ಸರ್? ಮೂರು ಪೇಜ್ ಪಕ್ಕಪಕ್ಕ ಇಟ್ಟು ನೋಡೋಣ

ಹಾಸನದ ಬಿ.ಎಂ. ರಸ್ತೆಗೆ ತಾಗಿದ ಅಡ್ಡರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿ. ಸ್ವಂತ ಬ್ರ್ಯಾಂಡಿನ ಕಾಟನ್ ಕುರ್ತಿ ಸೆಟ್ ಮುಖ್ಯ ಮಾಲು, ಜೊತೆಗೆ ಗಂಡಸರ ಲಿನನ್ ಶರ್ಟ್. ಕುರ್ತಿ ಸೆಟ್ ಬೆಲೆ 1,650 ರೂಪಾಯಿ, ಅಂಗಡಿಗೆ ಬೀಳುವ ಖರ್ಚು 780. ಶರ್ಟ್ 1,400, ಅದರ ಖರ್ಚು 600. ಜಾಹೀರಾತಿಗೆ ಅಂತ ಎತ್ತಿಟ್ಟ ದುಡ್ಡು ಅಷ್ಟಕ್ಕಷ್ಟೇ. ಇನ್‌ಸ್ಟಾಗ್ರಾಮ್‌ನಲ್ಲಿ ಮೂವರು ಕೊಲಾಬ್ ಕೇಳಿಕೊಂಡು ಮೆಸೇಜ್ ಹಾಕಿದ್ದಾರೆ. ಯಾರಿಗೆ ಬಟ್ಟೆ ಕೊಡಬೇಕು?

ಈ ಅಂಗಡಿ, ಈ ಮೂವರು ಲೆಕ್ಕ ಬಿಡಿಸೋಕೆ ಅಂತ ನಾನೇ ಜೋಡಿಸಿಕೊಂಡವರು. ಆದರೆ ಇಂಥ ಪೇಜ್‌ಗಳು ನಮ್ಮ ಜಿಲ್ಲೆಯಲ್ಲಿ ನಿಮಗೂ ಸಿಕ್ಕಿರುತ್ತವೆ.

ಮೊದಲನೆಯವನು ಸಕಲೇಶಪುರದ ಕಡೆ ಹೋಂಸ್ಟೇ, ಬೆಟ್ಟ, ಮಂಜು ಅಂತ ರೀಲ್ಸ್ ಮಾಡುವ ಟ್ರಾವೆಲ್ ಹುಡುಗ. 41,000 ಫಾಲೋವರ್ಸ್. ಮೂರು ಶರ್ಟ್, ಮೇಲೆ 5,000 ರೂಪಾಯಿ ಕೇಳುತ್ತಿದ್ದಾನೆ. ಎರಡನೆಯವಳು ಹಾಸನದಲ್ಲೇ ಓದುತ್ತಿರುವ ಫ್ಯಾಷನ್ ಹುಡುಗಿ. 18,500 ಫಾಲೋವರ್ಸ್, ಒಂದೇ ಕುರ್ತಿ ಸೆಟ್ ಸಾಕು ಅಂತಾಳೆ. ಮೂರನೆಯವರು ಚನ್ನರಾಯಪಟ್ಟಣದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಅಕ್ಕ. ವಾರಕ್ಕೊಂದು ರೀಲ್ ಹಾಕುತ್ತಾರೆ. ಫಾಲೋವರ್ಸ್ ಬರೀ 5,800.

ಎಲ್ಲರೂ ಹಾಕುವ ಲೆಕ್ಕ ಇಲ್ಲಿ ಕೈಕೊಡುತ್ತದೆ

ಎಂಗೇಜ್‌ಮೆಂಟ್ ರೇಟ್ ಅಂತ ಎಲ್ಲರೂ ಹೇಳುವುದು ಒಂದೇ ಸೂತ್ರ. ಲೈಕ್, ಕಾಮೆಂಟ್ ಕೂಡಿಸಿ ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸುವುದು. ಟ್ರಾವೆಲ್ ಹುಡುಗನ ಒಂದು ರೀಲ್‌ಗೆ ಸರಾಸರಿ 1,500 ಲೈಕ್, 100 ಕಾಮೆಂಟ್ ಇದೆ ಅಂದುಕೊಳ್ಳಿ. ಅಂದರೆ ಶೇ. 3.9. ಫ್ಯಾಷನ್ ಹುಡುಗಿಗೆ 900 ಲೈಕ್, 120 ಕಾಮೆಂಟ್. ಶೇ. 5.5. ಪಾರ್ಲರ್ ಅಕ್ಕನಿಗೆ 180 ಲೈಕ್, 30 ಕಾಮೆಂಟ್. ಶೇ. 3.6.

ಇದನ್ನೇ ನಂಬಿದರೆ ಫ್ಯಾಷನ್ ಹುಡುಗಿ ಫಸ್ಟ್, ಪಾರ್ಲರ್ ಅಕ್ಕ ಲಾಸ್ಟ್. ತುಂಬಾ ಜನ ಇಲ್ಲಿಗೇ ನಿಲ್ಲಿಸಿ ಬಟ್ಟೆ ಪ್ಯಾಕ್ ಮಾಡಿಬಿಡುತ್ತಾರೆ.

ಈ ಸೂತ್ರದ ತೊಂದರೆ ಏನೆಂದರೆ ಲೈಕೂ ಕಾಮೆಂಟೂ ಎರಡೂ ಕೊಂಡುಕೊಳ್ಳಬಹುದಾದವು. ಸ್ನೇಹಿತರ ಗುಂಪು ಕಟ್ಟಿಕೊಂಡೂ ತರಿಸಿಕೊಳ್ಳಬಹುದು. ಅದಕ್ಕೇ ಲೈಕನ್ನು ಫಾಲೋವರ್ಸ್ ಜೊತೆ ಅಳೆಯುವ ಬದಲು ರೀಚ್ ಜೊತೆ ಅಳೆದು ನೋಡಿ. ರೀಚ್ ಅಂದರೆ ಆ ರೀಲನ್ನು ನಿಜವಾಗಿ ಕಂಡ ಅಕೌಂಟ್‌ಗಳ ಸಂಖ್ಯೆ. ಇದು ಹೊರಗಿನವರಿಗೆ ಕಾಣುವುದಿಲ್ಲ, ಆ ಪೇಜಿನವರೇ ಇನ್‌ಸೈಟ್ಸ್ ತೆಗೆದು ತೋರಿಸಬೇಕು.

ಟ್ರಾವೆಲ್ ಹುಡುಗನ ಸಾಮಾನ್ಯ ರೀಲ್ 30,000 ಜನರನ್ನು ಮುಟ್ಟುತ್ತದೆ, 1,500 ಲೈಕ್. ನೂರು ಜನ ಕಂಡರೆ ಐವರು ಲೈಕ್ ಒತ್ತಿದ್ದಾರೆ. ಪಾರ್ಲರ್ ಅಕ್ಕನ ರೀಲ್ 4,200 ಜನರಿಗೆ ಹೋಗಿ 180 ಲೈಕ್ ತಂದಿದೆ. ಇಲ್ಲೂ ನೂರಕ್ಕೆ ನಾಲ್ವರು. ಫ್ಯಾಷನ್ ಹುಡುಗಿಯ ರೀಲ್ ಮುಟ್ಟಿದ್ದು 3,900 ಜನರನ್ನು, ಆದರೆ ಲೈಕ್ 900. ನೂರಕ್ಕೆ ಇಪ್ಪತ್ಮೂರು! ಮದುವೆ ಫೋಟೋ ಹಾಕಿದಾಗ ಮನೆಯವರೆಲ್ಲ ಲೈಕ್ ಒತ್ತಿದರೆ ಈ ಪ್ರಮಾಣ ಬರಬಹುದು. ಪ್ರತಿ ರೀಲ್‌ಗೂ, ಪ್ರತಿ ವಾರವೂ ಹೀಗೇ ಬರುತ್ತಿದ್ದರೆ ಅನುಮಾನ ಪಡಲೇಬೇಕು.

ಇನ್ನೊಂದು ಸುಳಿವು ಲೈಕ್‌ಗಳ ಏರಿಳಿತದಲ್ಲಿದೆ. ಕಳೆದ ಹತ್ತು ರೀಲ್ ತೆಗೆದು ನೋಡಿ. ನಿಜವಾದ ಪೇಜ್‌ನಲ್ಲಿ ಒಂದು ರೀಲ್ ಓಡುತ್ತದೆ, ಒಂದು ಮಲಗುತ್ತದೆ. ಒಂದಕ್ಕೆ 90, ಇನ್ನೊಂದಕ್ಕೆ 410. ಹತ್ತಕ್ಕೆ ಹತ್ತೂ 880ರಿಂದ 920ರ ಒಳಗೇ ಇದ್ದರೆ ಅಷ್ಟು ಶಿಸ್ತು ಮನುಷ್ಯರ ಬೆರಳಿಗೆ ಬರುವುದಿಲ್ಲ. ಕೆಲವರು ಲೈಕ್ ಸಂಖ್ಯೆ ಮುಚ್ಚಿಟ್ಟಿರುತ್ತಾರೆ. ಅದೇನೂ ತಪ್ಪಲ್ಲ, ಕೇಳಿದಾಗ ತೋರಿಸಿದರೆ ಆಯ್ತು.

ಐವತ್ತು ಕಾಮೆಂಟ್ ಕೂತು ಓದಿ

ಬೋರ್ ಹೊಡೆಸುವ ಕೆಲಸ ಇದು. ಆದರೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಬೇರೆ ಬೇರೆ ರೀಲ್‌ಗಳಿಂದ ಐವತ್ತು ಕಾಮೆಂಟ್ ತೆಗೆದುಕೊಂಡು ಎಷ್ಟರಲ್ಲಿ ಬಟ್ಟೆ, ಬೆಲೆ, ಜಾಗ, ಅಳತೆ, ಬಣ್ಣದ ಮಾತಿದೆ ಅಂತ ಎಣಿಸಿ.

ಪಾರ್ಲರ್ ಅಕ್ಕನ ಕೆಳಗೆ ಹೀಗಿರುತ್ತದೆ: "ಅಕ್ಕ ಈ ಬ್ಲೌಸ್ ಎಲ್ಲಿ ಹೊಲಿಸಿದ್ರಿ?", "ಡಬಲ್ ಎಕ್ಸ್‌ಎಲ್ ಸಿಗುತ್ತಾ?", "ನಾನು ಅರಸೀಕೆರೆ, ಕೊರಿಯರ್ ಮಾಡ್ತಾರಾ ಕೇಳಿ ಹೇಳಿ." ಅಕ್ಕ ಎಲ್ಲದಕ್ಕೂ ಉತ್ತರ ಕೊಟ್ಟಿರುತ್ತಾರೆ, ಎರಡು ದಿನ ತಡ ಆದರೂ. ಐವತ್ತರಲ್ಲಿ ಇಪ್ಪತ್ತು ಇಂಥವು ಬಂದರೆ ಅದು ಚಿನ್ನ. ಫ್ಯಾಷನ್ ಹುಡುಗಿಯ ಕೆಳಗೆ "ಸೂಪರ್", "ಕ್ವೀನ್", ಬೆಂಕಿ, ಹೃದಯ. ಅದರಲ್ಲೂ ಮೂರು ರೀಲ್ ದಾಟುವಷ್ಟರಲ್ಲಿ ಅದೇ ಇಪ್ಪತ್ತೈದು ಹೆಸರು ಮತ್ತೆ ಮತ್ತೆ ಸಿಗುತ್ತವೆ. ಆ ಹೆಸರುಗಳನ್ನು ಒತ್ತಿ ನೋಡಿ. ಎಲ್ಲರೂ ಇನ್‌ಫ್ಲುಯೆನ್ಸರ್‌ಗಳೇ. ಅವರ ಪೋಸ್ಟ್ ಕೆಳಗೆ ಈಕೆಯ "ಸೂಪರ್" ಇರುತ್ತದೆ. ಇದನ್ನು ಪಾಡ್ ಅಂತಾರೆ. ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಮ್ ಗ್ರೂಪಿನಲ್ಲಿ ಲಿಂಕ್ ಹಾಕಿ ಒಬ್ಬರಿಗೊಬ್ಬರು ಕಾಮೆಂಟ್ ಹಾಕಿಕೊಳ್ಳುವ ವ್ಯವಸ್ಥೆ. ಖಾತೆಗಳು ನಿಜವೇ, ಆದರೆ ಅವರಲ್ಲಿ ಒಬ್ಬರೂ ಕುರ್ತಿ ಕೊಳ್ಳೋಕೆ ಬರುವವರಲ್ಲ.

ಪಾಡ್ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳೋಕೆ ಸೇವ್ ಮತ್ತು ಶೇರ್ ಸಂಖ್ಯೆ ಕೇಳಿ. ಒಂದು ಡ್ರೆಸ್ ಇಷ್ಟ ಆದ ಹೆಂಗಸು ಮಾಡುವ ಮೊದಲ ಕೆಲಸ ತಂಗಿಗೋ ಗೆಳತಿಗೋ ರೀಲ್ ಕಳಿಸುವುದು, ಅಲ್ವಾ? ಆಮೇಲೆ ನೋಡೋಣ ಅಂತ ಸೇವ್ ಮಾಡಿಕೊಳ್ಳುವುದು. ಅಕ್ಕನ ರೀಲ್‌ನಲ್ಲಿ 180 ಲೈಕ್‌ಗೆ 61 ಶೇರ್, 44 ಸೇವ್. ಹುಡುಗಿಯ ರೀಲ್‌ನಲ್ಲಿ 900 ಲೈಕ್‌ಗೆ 4 ಶೇರ್, 6 ಸೇವ್. ಗ್ರೂಪಿನಲ್ಲಿ ಲೈಕ್, ಕಾಮೆಂಟ್ ಕೊಟ್ಟು ಹೋಗುತ್ತಾರೆ. ತಂಗಿಗೆ ಯಾರೂ ಕಳಿಸುವುದಿಲ್ಲ.

ಇನ್‌ಸೈಟ್ಸ್ ಸ್ಕ್ರೀನ್‌ಶಾಟ್ ಕಳಿಸುತ್ತೇನೆ ಅಂದರೆ ಬೇಡ ಅನ್ನಿ. ಅದನ್ನು ತಿದ್ದುವುದು ಐದು ನಿಮಿಷದ ಕೆಲಸ. ಅಂಗಡಿಗೆ ಕರೆದು, ಟೀ ಕುಡಿಯುತ್ತಾ ಅವರ ಫೋನಿನಲ್ಲೇ ನೋಡಿ. ದೂರದವರಾದರೆ ಪ್ರೊಫೈಲ್‌ನಿಂದ ಶುರುಮಾಡಿ ಇನ್‌ಸೈಟ್ಸ್‌ವರೆಗೆ ಸ್ಕ್ರೀನ್ ರೆಕಾರ್ಡಿಂಗ್ ಕೇಳಿ. ರೀಲ್ ಯಾವುದು ಅಂತ ನೀವೇ ಆರಿಸಿ ಹೇಳಿ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಓಡಿದ ರೀಲನ್ನೇ ತೋರಿಸುತ್ತಾರೆ.

ನಕಲಿ ಫಾಲೋವರ್ಸ್: ನಮ್ಮ ಕಡೆ ಎಲ್ಲಿ ಎಡವುತ್ತೇವೆ

ಫೋಟೋ ಇಲ್ಲದ, ಪೋಸ್ಟ್ ಇಲ್ಲದ ಅಕೌಂಟ್ ಎಲ್ಲ ನಕಲಿ ಅಂತ ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳು ಹೇಳುತ್ತವೆ. ಹಾಸನ ಜಿಲ್ಲೆಯಲ್ಲಿ ಈ ಮಾತು ನಡೆಯುವುದಿಲ್ಲ. ಪಾರ್ಲರ್ ಅಕ್ಕನ ಫಾಲೋವರ್ಸ್ ಪಟ್ಟಿ ತೆಗೆದರೆ ಗುಲಾಬಿ ಹೂವಿನ ಫೋಟೋ, ಮಗುವಿನ ಫೋಟೋ, ದೇವರ ಫೋಟೋ, ಅಪ್ಪು ಫೋಟೋ. ಅಕೌಂಟ್ ಪ್ರೈವೇಟ್, ಪೋಸ್ಟ್ ಸೊನ್ನೆ. ಇವರೆಲ್ಲ ನಿಜವಾದ ಹೆಂಗಸರು. ಸ್ವಂತ ಫೋಟೋ ಹಾಕೋಕೆ ಮನಸ್ಸಿಲ್ಲ, ಅಥವಾ ಮನೆಯಲ್ಲಿ ಒಪ್ಪುವುದಿಲ್ಲ. ಆದರೆ ಅಂಗಡಿಗೆ ಬಂದು 1,650 ಕೊಟ್ಟು ಹೋಗುವವರು ಇವರೇ. ಯಾವುದಾದರೂ ಫ್ರೀ ಚೆಕಿಂಗ್ ಸೈಟಿಗೆ ಈ ಪೇಜ್ ಕೊಟ್ಟರೆ ಅರ್ಧ ನಕಲಿ ಅಂತ ತೋರಿಸಿದರೂ ಆಶ್ಚರ್ಯವಿಲ್ಲ.

ಹಾಗಾದರೆ ವ್ಯತ್ಯಾಸ ಹೇಗೆ ತಿಳಿಯುವುದು? ಆ ಅಕೌಂಟ್ ಎಷ್ಟು ಜನರನ್ನು ಫಾಲೋ ಮಾಡುತ್ತಿದೆ ನೋಡಿ. ಗುಲಾಬಿ ಹೂವಿನ ಹೆಂಗಸು 210 ಜನರನ್ನು ಫಾಲೋ ಮಾಡುತ್ತಾಳೆ, ಅವಳನ್ನು 140 ಜನ. ಎರಡೂ ಹತ್ತಿರ ಹತ್ತಿರ. ಮಾರಾಟಕ್ಕಿರುವ ನಕಲಿ ಅಕೌಂಟ್ 4,000, 6,000 ಜನರನ್ನು ಫಾಲೋ ಮಾಡುತ್ತಿರುತ್ತದೆ. ಇನ್‌ಸ್ಟಾಗ್ರಾಮ್ ಬಿಡುವ ಗರಿಷ್ಠ 7,500ರ ಹತ್ತಿರಕ್ಕೂ ಹೋಗಿರುತ್ತದೆ. ಅದನ್ನು ಫಾಲೋ ಮಾಡುವವರು ಮಾತ್ರ ಹನ್ನೆರಡೋ ಹದಿಮೂರೋ. ಹೆಸರಿನಲ್ಲಿ ಅರ್ಥವಿಲ್ಲದ ಅಂಕಿಗಳ ಸಾಲು. ಪಟ್ಟಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ನೂರು ಅಕೌಂಟ್ ನೋಡಿ. ಇಂಥವು ಹತ್ತು ಹದಿನೈದು ಇದ್ದರೆ ಚಿಂತೆ ಬೇಡ. ಸ್ಪ್ಯಾಮ್ ಅಕೌಂಟ್‌ಗಳು ಎಲ್ಲರಿಗೂ ತಾವಾಗಿ ಅಂಟಿಕೊಳ್ಳುತ್ತವೆ. ನಲವತ್ತು ಸಿಕ್ಕರೆ ಆ ಪೇಜನ್ನು ಕೈಬಿಡಿ.

ಫಾಲೋವರ್ಸ್ ಏರಿದ ರೀತಿಯೂ ಕಥೆ ಹೇಳುತ್ತದೆ. ಇನ್‌ಸೈಟ್ಸ್‌ನಲ್ಲಿ 90 ದಿನಗಳ ಏರಿಕೆ ನೋಡಬಹುದು. ಒಂದೇ ದಿನ ಸಾವಿರ ಜನ ಹೆಚ್ಚಾಗಿದ್ದರೆ ಆ ದಿನದ ಆಸುಪಾಸು ಓಡಿದ ರೀಲ್ ಇರಬೇಕು. ಏನೂ ಇಲ್ಲದೆ ಏರಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂದಿದ್ದರೆ ದುಡ್ಡು ಕೊಟ್ಟು ತಂದದ್ದು ಅನ್ನಿ.

ಇಲ್ಲಿ ನಮ್ಮ ಊರಿನ ಒಂದು ವಿಶೇಷ ಇದೆ. ಹಾಸನಾಂಬ ದೇವಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಸುತ್ತಮುತ್ತ ಕೆಲವೇ ದಿನ. ಆಗ ಕ್ಯೂ ಎಷ್ಟಿದೆ, ಪಾಸ್ ಎಲ್ಲಿ ಸಿಗುತ್ತೆ ಅಂತ ಒಂದು ರೀಲ್ ಹಾಕಿದ ಯಾವ ಪೇಜ್ ಆದರೂ ಓಡುತ್ತದೆ. ಆ ಏರಿಕೆ ಶುದ್ಧ ಪ್ರಾಮಾಣಿಕ. ಬಂದ ಫಾಲೋವರ್ಸ್ ಎಲ್ಲ ನಿಜವಾದ ಜನ. ಆದರೆ ದರ್ಶನದ ಸುದ್ದಿಗೆ ಬಂದವರು ಕುರ್ತಿ ನೋಡೋಕೆ ಉಳಿಯುವುದು ಕಷ್ಟ. ಹಾಗಾಗಿ ದೀಪಾವಳಿ ತಿಂಗಳ ಅಂಕಿ ತೋರಿಸಿದರೆ, ಅದರ ಜೊತೆ ಒಂದು ಸಾದಾ ತಿಂಗಳದ್ದನ್ನೂ ತೋರಿಸಿ ಅನ್ನಿ. ನಕಲಿ ಫಾಲೋವರ್ ಬೇರೆ, ನಿಮಗೆ ಉಪಯೋಗಕ್ಕೆ ಬಾರದ ಅಸಲಿ ಫಾಲೋವರ್ ಬೇರೆ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಮಾತ್ರ ಎರಡೂ ಒಂದೇ.

ಊರಿನ ಲೆಕ್ಕ

ಇಷ್ಟಾದ ಮೇಲೆ ಕೇಳಬೇಕಾದದ್ದು ಒಂದೇ: ಇವರನ್ನು ನೋಡುವ ಜನ ಎಲ್ಲಿದ್ದಾರೆ? ಇನ್‌ಸೈಟ್ಸ್‌ನಲ್ಲಿ ಊರುಗಳ ಪಟ್ಟಿ ಶೇಕಡಾವಾರು ಸಿಗುತ್ತದೆ. ನಮ್ಮ ಅಂಗಡಿಗೆ ಹಾಸನ, ಚನ್ನರಾಯಪಟ್ಟಣ, ಅರಸೀಕೆರೆ, ಹೊಳೆನರಸೀಪುರ, ಬೇಲೂರು, ಆಲೂರು ಇವೆಲ್ಲ ಬಸ್ಸಿನಲ್ಲಿ ಬಂದು ಹೋಗುವ ದೂರ. ಅವನ್ನೆಲ್ಲ ಕೂಡಿಸಿ "ಹತ್ತಿರದವರು" ಅನ್ನೋಣ. ಬಟ್ಟೆಯ ಬೆಲೆಯನ್ನು ನಮಗೆ ಬಿದ್ದ ಖರ್ಚಿನಲ್ಲೇ ಹಾಕೋಣ.

| | ರೀಚ್ | ಹತ್ತಿರದವರು | ನಮ್ಮ ಖರ್ಚು | ಹತ್ತಿರದ ಒಬ್ಬರಿಗೆ |
|---|---|---|---|---|
| ಟ್ರಾವೆಲ್ ಹುಡುಗ | 30,000 | ಶೇ. 4, ಸುಮಾರು 1,200 | 6,800 | 5.70 ರೂ. |
| ಫ್ಯಾಷನ್ ಹುಡುಗಿ | 3,900 | ಶೇ. 9, ಸುಮಾರು 350 | 780 | 2.20 ರೂ. |
| ಪಾರ್ಲರ್ ಅಕ್ಕ | 4,200 | ಶೇ. 46, ಸುಮಾರು 1,930 | 1,760 | 90 ಪೈಸೆ |

ಅಕ್ಕನ ಖರ್ಚಿನಲ್ಲಿ ಎರಡು ಕುರ್ತಿ ಸೆಟ್, ಬಂದು ಹೋಗುವುದಕ್ಕೆ 200 ರೂಪಾಯಿ ಸೇರಿದೆ. ಎರಡು ಸೆಟ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಊರಿನ ಶೇಕಡಾ ಫಾಲೋವರ್ಸ್‌ದು, ರೀಲ್ ನೋಡಿದವರಲ್ಲಿ ಹೊರಗಿನವರೂ ಇರುತ್ತಾರೆ. ಹಾಗಾಗಿ ಇದು ಅಂದಾಜೇ ಹೊರತು ಪಕ್ಕಾ ಲೆಕ್ಕ ಅಲ್ಲ. ಆದರೂ ಆರು ಪಟ್ಟಿನ ವ್ಯತ್ಯಾಸ ಅಂದಾಜಿನಲ್ಲಿ ಅಳಿಸಿಹೋಗುವಂಥದ್ದಲ್ಲ.

ಇದನ್ನು ನೋಡಿ ಟ್ರಾವೆಲ್ ಹುಡುಗನನ್ನು ಹೊಡೆದುಹಾಕಬೇಡಿ. ಅವನ ಫಾಲೋವರ್ಸ್‌ನಲ್ಲಿ ಶೇ. 52 ಬೆಂಗಳೂರು, ಹೆಚ್ಚಿನವರು ಗಂಡಸರು. ಅಂಗಡಿ ಕೊರಿಯರ್ ಮಾಡುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುತ್ತದೆ ಅಂದರೆ ಆಗ ಲೆಕ್ಕ ತಿರುಗುತ್ತದೆ. ಬೆಂಗಳೂರಿನ 15,600 ಜನರಿಗೆ 6,800 ರೂಪಾಯಿ, ಒಬ್ಬರಿಗೆ 44 ಪೈಸೆ. ಶರ್ಟಿಗೆ ಕೊರಿಯರ್ 80 ಕಳೆದು 720 ಉಳಿಯುತ್ತದೆ ಅಂದರೆ ಹತ್ತು ಶರ್ಟ್ ಮಾರಿದರೆ ಹಾಕಿದ ದುಡ್ಡು ವಾಪಸ್. ಆದರೆ ಅಳತೆ ಸರಿಯಾಗದೆ ವಾಪಸ್ ಬರುವ ಶರ್ಟಿನ ಎರಡೂ ಕಡೆಯ ಕೊರಿಯರ್ ಅಂಗಡಿಯ ತಲೆಗೇ. ಅಳತೆ ಚಾರ್ಟ್ ಇಲ್ಲ, ಆನ್‌ಲೈನ್ ಆರ್ಡರ್ ನೋಡಿಕೊಳ್ಳೋಕೆ ಜನ ಇಲ್ಲ ಅನ್ನುವ ಅಂಗಡಿ ಈ ದಾರಿ ಹಿಡಿಯಬಾರದು. ವೀಕೆಂಡ್‌ನಲ್ಲಿ ಸಕಲೇಶಪುರಕ್ಕೆ ಹೋಗುವವರು ಹಾಸನದಲ್ಲಿ ಕಾರು ನಿಲ್ಲಿಸಿ ಶರ್ಟ್ ತಗೊಳ್ತಾರೆ ಅಂತ ಅವನು ಹೇಳಬಹುದು. ಕಾಫಿಗೆ ನಿಲ್ಲಿಸ್ತಾರೆ, ಶರ್ಟಿಗೆ ನಿಲ್ಲಿಸೋದು ಡೌಟು.

ನನ್ನ ಆಯ್ಕೆ ಹೀಗೆ: ಕುರ್ತಿಗೆ ಪಾರ್ಲರ್ ಅಕ್ಕ ಈಗಲೇ. ಶರ್ಟಿಗೆ ಟ್ರಾವೆಲ್ ಹುಡುಗ, ಕೊರಿಯರ್ ವ್ಯವಸ್ಥೆ ಆದ ಮೇಲೆ. ಫ್ಯಾಷನ್ ಹುಡುಗಿ ಬೇಡ. ಅವಳು ಅಗ್ಗ ಅನ್ನುವುದು ಕಾರಣ ಆಗಬಾರದು. ಅಕ್ಕನ ಕೊರತೆಗಳೂ ಇವೆ. ವಿಡಿಯೊ ಪಾರ್ಲರಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದದ್ದು, ಬಟ್ಟೆಯ ಬಣ್ಣ ಮಂಕಾಗಿ ಕಾಣುತ್ತದೆ. ಬೆಳಿಗ್ಗೆ ಹೊರಗಡೆ ತೆಗೆಯಿರಿ ಅಂತ ಮೊದಲೇ ಕೇಳಿಕೊಳ್ಳಿ.

ಬಾರ್ಟರ್: ಬಟ್ಟೆ ಕೊಟ್ಟು ಎಷ್ಟು ಕೇಳಬಹುದು

ಅಂಗಡಿಯವರು 1,650ರ ಸೆಟ್ ಕೊಟ್ಟೆ ಅಂತ ಲೆಕ್ಕ ಹಾಕುತ್ತಾರೆ. ಅವರಿಗೆ ಬಿದ್ದದ್ದು 780. ಆ ಕಡೆ ಅಕ್ಕನಿಗೆ ಅಂಗಡಿಗೆ ಬಂದು ಹೋಗುವುದು, ಇಸ್ತ್ರಿ, ಶೂಟ್, ಎಡಿಟ್, ಆಮೇಲೆ ಕಾಮೆಂಟ್‌ಗಳಿಗೆ ಉತ್ತರ ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ದಿನ ಹೋಗುತ್ತದೆ. ಆ ದಿನ ಪಾರ್ಲರ್ ಬಾಗಿಲು ಮುಚ್ಚಿರುತ್ತದೆ. ಒಂದು ಕುರ್ತಿ ಕೊಟ್ಟು ಮೂರು ರೀಲ್, ಹತ್ತು ಸ್ಟೋರಿ, ಜೊತೆಗೆ ವಿಡಿಯೊ ನಮ್ಮದು ಅನ್ನುವುದು ದಬ್ಬಾಳಿಕೆ. ಹಾಗೆ ಮಾಡಿದರೆ ಆಕೆ ಮೊದಲ ರೀಲನ್ನು ಮನಸ್ಸಿಲ್ಲದೆ ಮಾಡುತ್ತಾರೆ, ಎರಡನೆಯದು ಬರುವುದೇ ಇಲ್ಲ.

ನಾನು ನ್ಯಾಯ ಅನ್ನುವುದು ಇಷ್ಟು: ಅವರೇ ಆರಿಸಿಕೊಂಡ ಎರಡು ಸೆಟ್, ಅಳತೆ ತಿದ್ದಿಸುವ ಖರ್ಚು ಅಂಗಡಿಯದ್ದು, ಬಸ್ಸು ಆಟೋ ಖರ್ಚು ಅಂಗಡಿಯದ್ದು. ಬದಲಿಗೆ ಒಂದು ರೀಲ್, ಎರಡು ಸ್ಟೋರಿ. ಇದರ ಮೇಲೆ ಏನು ಕೇಳಿದರೂ ದುಡ್ಡು ಕೊಡಬೇಕು. ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆದು, ಅವರು "ಸರಿ" ಅಂದ ಮೇಲೆ ಬಟ್ಟೆ ಕೊಡಿ:

> ಅಕ್ಕ, ನಾವು ಮಾತಾಡಿದ್ದು ಬರೆದಿಡ್ತೀನಿ, ಒಮ್ಮೆ ನೋಡಿ. ನೀವು ಆರಿಸಿದ ಎರಡು ಕುರ್ತಿ ಸೆಟ್ ನಿಮ್ಮದೇ, ವಾಪಸ್ ಕೊಡೋದು ಬೇಡ. ಬಟ್ಟೆ ಕೈಗೆ ಬಂದ 10 ದಿನದೊಳಗೆ ಒಂದು ರೀಲ್, ಎರಡು ಸ್ಟೋರಿ. ರೀಲ್ ಕೊಲಾಬ್ ಆಗಿ ಹಾಕಿ, 6 ತಿಂಗಳು ತೆಗೀಬೇಡಿ. ಬಟ್ಟೆ ಬಗ್ಗೆ ನಿಮಗನ್ನಿಸಿದ್ದನ್ನೇ ಹೇಳಿ. ಬೆಲೆ, ಅಂಗಡಿ ಜಾಗ ಮಾತ್ರ ಹಾಕೋಕೆ ಮುಂಚೆ ನಮಗೆ ತೋರಿಸಿ. ತಿದ್ದಿಸೋದು ಒಂದೇ ಸಲ ಕೇಳ್ತೀವಿ. 15 ದಿನ ಬೇರೆ ಕುರ್ತಿ ಬ್ರ್ಯಾಂಡ್ ಪ್ರಮೋಷನ್ ಬೇಡ. ನಿಮ್ಮ ವಿಡಿಯೊ ನಮ್ಮ ಪೇಜಲ್ಲಿ ಹಾಕ್ಕೋತೀವಿ. ದುಡ್ಡು ಹಾಕಿ ಜಾಹೀರಾತಾಗಿ ಓಡಿಸೋದಾದ್ರೆ ನಿಮ್ಮನ್ನ ಕೇಳಿ, ಬೇರೆ ದುಡ್ಡು ಕೊಡ್ತೀವಿ. ಏನಾದ್ರೂ ಕಾರಣಕ್ಕೆ ರೀಲ್ ಆಗ್ಲಿಲ್ಲ ಅಂದ್ರೆ ಉಡದೇ ಇರೋ ಸೆಟ್ ವಾಪಸ್ ಕೊಟ್ರೆ ಸಾಕು.

ಕೊಲಾಬ್ ಆಗಿ ಹಾಕಿದರೆ ಒಂದೇ ರೀಲ್ ಎರಡೂ ಪ್ರೊಫೈಲ್‌ನಲ್ಲಿ ಕಾಣುತ್ತದೆ, ಲೈಕು ಕಾಮೆಂಟು ಒಂದೇ ಕಡೆ ಸೇರುತ್ತವೆ. ಹಾಡಿನ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ವ್ಯಾಪಾರದ ಅಕೌಂಟ್‌ಗೆ ಸಿನಿಮಾ ಹಾಡು ಬಳಸುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಅಕ್ಕ ಹಾಕಿದ ಹಾಡಿನ ಸಮೇತ ಆ ವಿಡಿಯೊವನ್ನು ಜಾಹೀರಾತಾಗಿ ಓಡಿಸೋಕೆ ಹೋದರೆ ಧ್ವನಿ ಮ್ಯೂಟ್ ಆಗಬಹುದು, ಜಾಹೀರಾತೇ ತಿರಸ್ಕಾರ ಆಗಬಹುದು. ಅಕ್ಕ ತಮ್ಮ ಮಾತಿನಲ್ಲೇ ವಿವರಿಸಿದ ರೀಲ್ ಆದರೆ ಈ ರಗಳೆ ಇಲ್ಲ, ಮಾರಾಟಕ್ಕೂ ಅದೇ ಒಳ್ಳೆಯದು.

ಬಟ್ಟೆ ಬಿಟ್ಟಿಯಾಗಿ ಕೊಟ್ಟರೂ ಅದು ಜಾಹೀರಾತೇ. ದುಡ್ಡು ಕೊಟ್ಟಿಲ್ಲವಲ್ಲ, ಹೇಳುವುದೇಕೆ ಅನ್ನುವ ವಾದ ನಡೆಯುವುದಿಲ್ಲ. ಜಾಹೀರಾತು ಗುಣಮಟ್ಟ ನೋಡಿಕೊಳ್ಳುವ ಎಎಸ್‌ಸಿಐ 2021ರಲ್ಲಿ ತಂದ ಮಾರ್ಗಸೂಚಿಯಲ್ಲೂ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯಲ್ಲೂ ಉಚಿತ ವಸ್ತು ಪಡೆದದ್ದನ್ನು ತಿಳಿಸಬೇಕು ಅಂತಿದೆ. ಕ್ಯಾಪ್ಷನ್ ಕೊನೆಯ ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಹೂತುಹಾಕಿದರೆ ಸಾಲದು, ವಿಡಿಯೊ ಮೇಲೇ ಕಾಣಬೇಕು. ಪೇಯ್ಡ್ ಪಾರ್ಟ್‌ನರ್‌ಶಿಪ್ ಲೇಬಲ್ ಆನ್ ಮಾಡಿಸಿ, ರೀಲ್ ಮೇಲೆ ಕನ್ನಡದಲ್ಲಿ "ಜಾಹೀರಾತು" ಅಂತಲೂ ಹಾಕಿಸಿ. ಅಕ್ಕನ ಬಾಯಲ್ಲಿ "ಇದು ಅಂಗಡಿಯವರು ಕೊಟ್ಟದ್ದು, ಆದ್ರೆ ಬಟ್ಟೆ ನಿಜವಾಗ್ಲೂ ಚೆನ್ನಾಗಿದೆ" ಅಂತ ಬಂದರೆ ಜನ ನಂಬುವುದು ಕಡಿಮೆಯಾಗುವುದಿಲ್ಲ.

ತೆರಿಗೆಯದ್ದು ಚಿಕ್ಕ ಅಂಗಡಿಗೆ ಅಪರೂಪಕ್ಕೆ ಬರುವ ವಿಷಯ. ಒಬ್ಬರಿಗೇ ವರ್ಷದಲ್ಲಿ 20,000 ರೂಪಾಯಿ ದಾಟಿ ವಸ್ತು ಕೊಟ್ಟರೆ ಶೇ. 10 ಟಿಡಿಎಸ್ ಅನ್ನುವ ನಿಯಮ 2022ರ ಜುಲೈಯಲ್ಲಿ ಬಂತು. ಸಣ್ಣ ವಹಿವಾಟಿನ ವ್ಯಕ್ತಿಗಳಿಗೆ ಇದರಲ್ಲಿ ವಿನಾಯಿತಿ ಇದೆ. ಆ ಮಟ್ಟ ಮುಟ್ಟುತ್ತಿದ್ದರೆ ನಿಮ್ಮ ಆಡಿಟರ್‌ಗೆ ಒಂದು ಫೋನ್ ಹಾಕಿ.

ಫಲ ಬಂತೋ ಇಲ್ಲವೋ

ಬಿಲ್ ಮಾಡುವಾಗ ಹೇಳುವ ಒಂದು ಕೋಡ್ ಕೊಡಿ, "ಪಾರ್ಲರ್10" ಅನ್ನೋ ಥರ. ಹತ್ತು ಪರ್ಸೆಂಟ್ ಬಿಟ್ಟರೆ ಒಂದು ಸೆಟ್‌ನಲ್ಲಿ 705 ರೂಪಾಯಿ ಉಳಿಯುತ್ತದೆ. ಮೂರು ಸೆಟ್ ಹೋದರೆ ಅಕ್ಕನ 1,760 ತೀರಿತು. ಕೋಡ್ ಮರೆತು ಬರುವವರೇ ಜಾಸ್ತಿ, ಫೋನಿನಲ್ಲಿ ರೀಲ್ ತೋರಿಸಿ "ಇದೇ ಬೇಕು" ಅಂತಾರೆ. ಅವರನ್ನೂ ಲೆಕ್ಕಕ್ಕೆ ತಗೊಳ್ಳೋಕೆ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟು ಗೆರೆ ಹಾಕುತ್ತಾ ಹೋಗಿ. ಹೆಂಗಸರು ಸೇವ್ ಮಾಡಿಟ್ಟುಕೊಂಡು ಸಂಬಳ ಬಂದ ಮೇಲೆ ಬರುತ್ತಾರೆ, ಹಾಗಾಗಿ ಒಂದು ತಿಂಗಳಾದರೂ ಕಾಯಿರಿ.

ತಿಂಗಳಲ್ಲಿ ಹತ್ತು ಸೆಟ್ ದಾಟಿದರೆ ಎರಡನೇ ಸಲ ಬಟ್ಟೆ ಕೊಟ್ಟು ಮುಗಿಸಬೇಡಿ. ಒಂದು ಸೆಟ್, ಜೊತೆಗೆ ಮಾರಾಟವಾದ ಪ್ರತಿ ಸೆಟ್ಟಿಗೆ 100 ರೂಪಾಯಿ ಕಮಿಷನ್ ಅನ್ನಿ, ಇಲ್ಲವೇ ರೀಲ್‌ಗೆ ಇಷ್ಟು ಅಂತ ನಗದು ಮಾತಾಡಿ. ಕಮಿಷನ್ ಆದರೆ ನೋಟ್‌ಬುಕ್ಕಿನ ಆ ಪುಟವನ್ನು ತಿಂಗಳ ಕೊನೆಗೆ ಫೋಟೋ ತೆಗೆದು ಅಕ್ಕನಿಗೆ ಕಳಿಸಬೇಕು. ಮೂರು ಸೆಟ್ಟೂ ಹೋಗದಿದ್ದರೆ ಅಕ್ಕನನ್ನು ಬಿಡುವ ಮುಂಚೆ ರೀಲ್ ಕೆಳಗಿನ ಕಾಮೆಂಟ್ ಮತ್ತೊಮ್ಮೆ ಓದಿ. "ಜಾಸ್ತಿ ಆಯ್ತು ರೇಟು" ಅಂತ ನಾಲ್ಕು ಜನ ಬರೆದಿದ್ದರೆ ಬದಲಿಸಬೇಕಾದ್ದು ಬೆಲೆಯನ್ನು, ಇನ್‌ಫ್ಲುಯೆನ್ಸರ್‌ರನ್ನಲ್ಲ.